ಬೀಗ ಹಾಕಿದ ಹೊತ್ತು

ಕರ್ಟಿಸ್ ಶಾವರ್ ಹತ್ತಿರ ಬೀಗ ಇರಲಿಲ್ಲ.

ಮೆಕ್ಕೆಜೋಳದ ಕಣಜದೊಳಕ್ಕೆ ಇಳಿಯುವವನು ಮೊದಲು ಹೊರಗಿನ ಕರೆಂಟಿನ ಸ್ವಿಚ್ ಕೆಳಗೆಳೆಯಬೇಕು. ಅದಕ್ಕೆ ತನ್ನದೇ ಬೀಗ ಹಾಕಿ, ಕೀಲಿಯನ್ನು ತನ್ನ ಜೇಬಿನಲ್ಲೇ ಇಟ್ಟುಕೊಂಡು ಇಳಿಯಬೇಕು. ಕಣಜದ ತಳದಲ್ಲಿ ಜೋಳವನ್ನು ಹೊರಗೆಳೆಯುವ ಉದ್ದನೆಯ ತಿರುಪು ಇರುತ್ತದೆ, ಆಗರ್ ಅನ್ನುತ್ತಾರೆ. ಅದು ತಿರುಗತೊಡಗಿದರೆ ಮೇಲೆ ನಿಂತವನನ್ನು ಜೋಳ ಸೊಂಟದವರೆಗೆ, ಎದೆಯವರೆಗೆ, ತಲೆಯ ಮೇಲೆ ಹೀಗೆ ನುಂಗಿಬಿಡುತ್ತದೆ. ಕೂಗುವಷ್ಟು ಹೊತ್ತೂ ಸಿಗುವುದಿಲ್ಲ. ಕೀಲಿ ತನ್ನ ಜೇಬಿನಲ್ಲಿದ್ದರೆ ಬೇರೆ ಯಾರೂ ಆ ತಿರುಪನ್ನು ತಿರುಗಿಸಲಾರರು. ಬೀಗದ ಅರ್ಥ ಇಷ್ಟೇ.

ಸಹಕಾರ ಸಂಘ ಬೀಗಗಳನ್ನು ಕೊಂಡಿತ್ತು. ಅವು ಮ್ಯಾನೇಜರ್ ಡ್ವೇನ್ ಫೈಸ್ಟ್‌ನ ಮೇಜಿನ ಡ್ರಾಯರಿನಲ್ಲಿ, ಪ್ಲಾಸ್ಟಿಕ್ಕಿನ ಹೊದಿಕೆ ಕೂಡ ಬಿಚ್ಚದೆ ಬಿದ್ದಿದ್ದವು. ಹಿಂದಿನ ಶರತ್ಕಾಲದಲ್ಲಿ ನಾರ್ತ್ ಡಕೋಟಾದ ಆ ಭಾಗದಲ್ಲೆಲ್ಲ ಮಳೆ ಬಿಡದೆ ಜೋಳ ಒದ್ದೆಯಾಗಿಯೇ ಕಣಜ ಸೇರಿತ್ತು. ಫೆಬ್ರುವರಿಯ ಹೊತ್ತಿಗೆ ಅದು ಬೂಷ್ಟು ಹಿಡಿದು, ಮೇಲೆ ರೊಟ್ಟಿಯ ಹಾಗೆ ಗಟ್ಟಿ ಪದರ ಕಟ್ಟಿಕೊಂಡಿತ್ತು. ಜೋಳ ಒಯ್ಯಲು ರೈಲು ಬಂದು ನಿಂತಿತ್ತು, ಜೋಳ ಇಳಿಯುತ್ತಿರಲಿಲ್ಲ. ಕರ್ಟಿಸ್ ಸಲಾಕೆ ಹಿಡಿದು ಪದರ ಒಡೆಯಲು ಇಳಿದ. ಹೊರಗೆ ಪ್ಯಾನೆಲ್ ಹತ್ತಿರ ನಿಂತವನು ನಡುನಡುವೆ ಒಂದೊಂದು ಸಲ ಗುಂಡಿ ಒತ್ತಿ ಆಗರ್ ತಿರುಗಿಸಿ, ಜೋಳ ಹರಿಯುತ್ತದೋ ಇಲ್ಲವೋ ನೋಡುವುದು ಆ ಸಂಘದ ಐದೂ ಕೇಂದ್ರಗಳಲ್ಲಿ ನಡೆದುಬಂದ ಪದ್ಧತಿ. ಅದಕ್ಕೆ ಅವರ ಹೆಸರು 'ತಟ್ಟೋದು'. ಒಂದು ಸಲ ತಟ್ಟಿದರು. ಕರ್ಟಿಸ್ ಹೋದ.

ಇದು ಇದ್ದದ್ದು ಇದ್ದ ಹಾಗೆ ಯಾವ ಕಾಗದದಲ್ಲೂ ಇರಲಿಲ್ಲ. ಕಾಗದಗಳು ನಾಲ್ಕಿದ್ದವು, ಅವು ಡಾರ್ಲಾ ಹೈಟ್‌ಳ ಮೇಜಿಗೆ ಬಂದವು.

ಡಾರ್ಲಾ ಕೆಲಸ ಮಾಡುತ್ತಿದ್ದದ್ದು ಇಂಥ ಸಹಕಾರ ಸಂಘಗಳಿಗೆಲ್ಲ ವಿಮೆ ಕೊಡುವ ಒಂದು ಸಂಸ್ಥೆಯಲ್ಲಿ. ಎಲ್ಲಿ ಏನು ಅವಘಡವಾದರೂ ಬೇರೆಬೇರೆಯವರು ಬರೆದ ವರದಿಗಳನ್ನು ಒಂದುಗೂಡಿಸಿ, ಒಂದೇ ಪುಟದ ಸಾರಾಂಶ ಮಾಡಿ ಸುರಕ್ಷತಾ ಸಮಿತಿಯ ಮುಂದಿಡುವುದು ಅವಳ ಕೆಲಸ. ಸಮಿತಿಯಲ್ಲಿ ಇದ್ದವರೆಲ್ಲ ರೈತರು, ಬೇರೆ ಸಂಘಗಳ ಮ್ಯಾನೇಜರುಗಳು. ಎರಡನೆಯ ಪುಟ ತಿರುಗಿಸುವ ಜನವಲ್ಲ. ಈ ಒಂದು ಪುಟದ ವಿಷಯದಲ್ಲಿ ಡಾರ್ಲಾಳಿಗೆ ಹೆಮ್ಮೆ ಇತ್ತು. ನಲವತ್ತು ಪುಟ ಕೊಟ್ಟರೂ ಒಂದಕ್ಕೆ ಇಳಿಸುತ್ತಾಳೆ ಎಂದು ಆಫೀಸಿನಲ್ಲಿ ಹೆಸರಾಗಿತ್ತು.

ಈ ಸಲದ ಪುಟದ ಮೇಲೆ ನಿಂತಿದ್ದದ್ದು ಒಂದೇ ಪ್ರಶ್ನೆ. ಬೀಗ ಹಾಕದೆ ಇಳಿಸಿದ್ದರೆ ಸಂಘದ ಐದೂ ಕೇಂದ್ರಗಳಲ್ಲಿ ಕಣಜಕ್ಕೆ ಇಳಿಯುವುದನ್ನು ಸಮಿತಿ ಅವತ್ತೇ ನಿಲ್ಲಿಸಬೇಕು. ಪ್ರತಿಯೊಬ್ಬನ ಕೈಗೂ ಬೀಗ ಬರುವವರೆಗೆ ಯಾರೂ ಇಳಿಯುವ ಹಾಗಿಲ್ಲ. ಬೀಗ ಹಾಕಿಯೂ ಪದರ ಕುಸಿದು ಸತ್ತಿದ್ದರೆ ಅದು ದುರದೃಷ್ಟ, ಒಂದು ಎಚ್ಚರಿಕೆಯ ಪತ್ರ ಸಾಕು. ಆ ಐದರಲ್ಲಿ ಒಂದು ಕೇಂದ್ರದಲ್ಲಿ ಡಾರ್ಲಾಳ ತಮ್ಮ ವೇಡ್ ಕೆಲಸಕ್ಕಿದ್ದ.

ಸೋಮವಾರ ಬೆಳಿಗ್ಗೆ ಅವಳು ನಾಲ್ಕೂ ಕಾಗದಗಳನ್ನು ಆಫೀಸಿನ ಎಐ ಸಹಾಯಕಕ್ಕೆ ಅಪ್‌ಲೋಡ್ ಮಾಡಿದಳು. ಒಂದು, ಡ್ವೇನ್ ಫೈಸ್ಟ್ ಬರೆದ ಸಂಘದ ವರದಿ. ಎರಡು, ಪೊಲೀಸ್ ವರದಿ, ಶೆರಿಫ್ ಕಚೇರಿಯ ಡೆಪ್ಯುಟಿ ಬರೆದದ್ದು, ಫೋಟೋ ಸಮೇತ. ಮೂರು, ಸಾವಿನ ಕಾರಣ ನೋಡುವ ಕೌಂಟಿ ಅಧಿಕಾರಿಯ ವರದಿ. ನಾಲ್ಕು, ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದ ಹಾಳೆ. ಕೈಬರಹ, ಒಂದೇ ಪುಟ, ಮೂಲೆಯಲ್ಲಿ ಕಾಫಿಯ ಉಂಗುರ. ಮೊದಲ ಮೂರನ್ನು ಯಾರೋ ಕಪ್ಪು ಬಿಳುಪಿನಲ್ಲಿ ಸ್ಕ್ಯಾನ್ ಮಾಡಿದ್ದರು.

ಅವಳು ಯಾವಾಗಲೂ ಬರೆಯುವ ಹಾಗೆಯೇ ಬರೆದಳು: ನಾಲ್ಕನ್ನೂ ಸೇರಿಸಿ ಒಂದು ಸಾರಾಂಶ ಮಾಡು. ಎಲ್ಲಿ ಒಂದೇ ಮಾತು ಹೇಳುತ್ತವೆ, ಎಲ್ಲಿ ಬೇರೆಯಾಗುತ್ತವೆ, ಬೇರೆಬೇರೆ ತೋರಿಸು. ಪ್ರತಿ ಮಾತಿನ ಮುಂದೆ ಯಾವ ಕಾಗದ, ಯಾವ ಪುಟ ಅಂತ ಹಾಕು. ಇಲ್ಲದ್ದನ್ನು ಊಹಿಸಬೇಡ.

ಕಾಫಿ ತಂದು ಕೂರುವಷ್ಟರಲ್ಲಿ ಬಂದಿತ್ತು. ಮೂರು ಪುಟ. ಹೊಂದುವ ಮಾತುಗಳು ಮೇಲೆ: ಸತ್ತವನ ಹೆಸರು, ಕಣಜದ ನಂಬರು, ಜೋಳದ ಸ್ಥಿತಿ, ದೇಹ ಸಿಕ್ಕ ಆಳ, ಉಸಿರುಗಟ್ಟಿ ಸಾವು. ಅದರಲ್ಲೇ ಒಂದು ಸಾಲು: ಸ್ವಿಚ್‌ಗೆ ಬೀಗ ಇತ್ತು, ನಾಲ್ಕೂ ಕಾಗದಗಳು. ಕೆಳಗೆ ವ್ಯತ್ಯಾಸಗಳು, ಹೆಚ್ಚಿನವು ಗಂಟೆ ನಿಮಿಷದವು. ತುರ್ತು ಕರೆ ಹೋದ ಹೊತ್ತು ಒಂದೊಂದರಲ್ಲಿ ಒಂದೊಂದು. ಆಂಬುಲೆನ್ಸ್ ಬಂದ ಹೊತ್ತೂ ಹಾಗೆಯೇ. ಅವುಗಳ ನಡುವೆ ಇದೂ ಇತ್ತು:

"ಬೀಗ ಹಾಕಿದ ಹೊತ್ತು. ಕಾಗದ ಒಂದು: ಕರ್ಟಿಸ್ ಇಳಿಯುವ ಮೊದಲು, ಹತ್ತೂವರೆಗೆ, ಸಂಘದವರು. ಕಾಗದ ಎರಡು: ಹನ್ನೊಂದು ಇಪ್ಪತ್ತಕ್ಕೆ ಡೆಪ್ಯುಟಿ ಬಂದಾಗ ಬೀಗ ಇತ್ತು, ಹಾಕಿದವರು ಯಾರು ಎಂದಿಲ್ಲ, ಫೋಟೋದಲ್ಲಿ ಒಂದೇ ಬೀಗ. ಕಾಗದ ಮೂರು: ಒಂದು ಮತ್ತು ಎರಡನ್ನು ಆಧರಿಸಿ ಬರೆದದ್ದು, ಸ್ವತಂತ್ರ ಸಾಕ್ಷಿಯಲ್ಲ. ಕಾಗದ ನಾಲ್ಕು, ಕೈಬರಹ: 'ಹತ್ತು ಐವತ್ತೊಂದು. ಕರೆಂಟ್ ತೆಗೆದೆವು, ಬೀಗ ಹಾಕಿದೆವು.' ಇದು ಗಡಿಯಾರದ ವ್ಯತ್ಯಾಸ ಮಾತ್ರವಲ್ಲ. ಬೀಗ ಅವಘಡಕ್ಕೆ ಮೊದಲು ಬಿದ್ದಿತೋ ಆಮೇಲೋ ಎಂಬುದನ್ನೇ ಬದಲಿಸುತ್ತದೆ. ಈ ಕಾಗದಗಳಿಂದ ತೀರ್ಮಾನಿಸಲಾಗದು. ಕಾಗದ ನಾಲ್ಕನ್ನು ಬರೆದವರನ್ನು ಕೇಳುವುದು ಒಳ್ಳೆಯದು."

ಡಾರ್ಲಾ ಅದನ್ನು ಓದಿದಳು. ಓದಲಿಲ್ಲ ಎಂದು ಆಮೇಲೆ ಎಂದೂ ಹೇಳಲಿಲ್ಲ. ಕಾಗದ ನಾಲ್ಕನ್ನು ತೆರೆದು ಕೈಬರಹವನ್ನು ತಾನೇ ನೋಡಿದಳು. ಹತ್ತು ಐವತ್ತೊಂದೇ. ಕೆಳಗೆ ದಳದ ಕ್ಯಾಪ್ಟನ್‌ನ ಸಹಿ: ಎಮಿಲ್ ವೆಟರ್. ಅವಳ ಸೋದರಮಾವ.

ನಗು ಬಂತು. ಎಮಿಲ್‌ನ ಗಡಿಯಾರ ಇಡೀ ಊರಿಗೆ ಗೊತ್ತಿದ್ದ ತಮಾಷೆ. ಅಪ್ಪ ಬಿಟ್ಟುಹೋದ ಕೀಲಿ ಕೊಡುವ ಗಡಿಯಾರ ಕಟ್ಟಿಕೊಂಡು, ಅದು ಹೇಳಿದ್ದೇ ಹೊತ್ತು ಎಂದು ಓಡಾಡುವ ಮನುಷ್ಯ. ತನ್ನ ಮಗಳ ಮದುವೆಗೇ ಅವನು ತಡವಾಗಿ ಬಂದಿದ್ದ.

ಬಾಗಿಲಲ್ಲಿ ಮಾರ್ಸೀ ಬ್ರೆಕ್ಕೆ ತಲೆ ಹಾಕಿದಳು. ಡಾರ್ಲಾಳ ಮೇಲಧಿಕಾರಿ, ಐವತ್ತು ದಾಟಿದವಳು, ನಡೆಯುತ್ತಲೇ ಮಾತಾಡುವವಳು.

"ಆಯ್ತೇನೇ ಶಾವರ್‌ದು?"

"ಮೂರು ಪುಟ ಇದೆ. ಹೊತ್ತು ಒಂದಕ್ಕೊಂದು ತಾಳೆ ಆಗ್ತಿಲ್ಲ."

"ಯಾವತ್ತು ಆಗಿದೆ ಹೇಳು? ಒಬ್ಬೊಬ್ರ ಕೈಲಿ ಒಂದೊಂದು ಗಡಿಯಾರ. ಎಲ್ಲಾ ಸೇರಿಸಿ ಒಂದು ಸಾಲು ಹಾಕು, 'ಹೊತ್ತಿನಲ್ಲಿ ಕೆಲ ನಿಮಿಷಗಳ ವ್ಯತ್ಯಾಸವಿದೆ' ಅಂತ. ಯಾವಾಗಲೂ ಹಾಕ್ತೀಯಲ್ಲ?"

"ಬೀಗದ್ದೂ ಇದೆ. ನಮ್ಮ ಮಾವ ಬರೆದಿದ್ದು ಬೇರೆ ಥರ ಇದೆ."

"ಎಮಿಲ್?" ಮಾರ್ಸೀ ನಕ್ಕಳು. "ಅವನ ವಾಚಲ್ಲಿ ಇನ್ನೂ ಹೋದ ವರ್ಷ ನಡೀತಿರಬೇಕು. ಅಗ್ನಿಶಾಮಕದವರು ಬಂದ ತಕ್ಷಣ ತಮ್ಮ ಬೀಗ ಹಾಕೇ ಹಾಕ್ತಾರೆ, ಅದು ಅವರ ರೂಢಿ. ಸಂಘದವರದ್ದು ಒಂದು, ಇವರದ್ದೊಂದು. ಅದರಲ್ಲೇನಿದೆ?"

ಅದರಲ್ಲಿ ಇದ್ದದ್ದು ಫೋಟೋ. ಫೋಟೋದಲ್ಲಿ ಎರಡು ಬೀಗ ಇರಲಿಲ್ಲ. ಡಾರ್ಲಾ ಅದನ್ನೂ ನೋಡಿದ್ದಳು. ಕಪ್ಪು ಬಿಳುಪು ಚಿತ್ರದಲ್ಲಿ ಬೂದು ಬಣ್ಣದ ಒಂದು ಬೀಗ. ಇನ್ನೊಂದು ಹಿಂದೆ ಮರೆಯಾಗಿರಬಹುದು ಎಂದುಕೊಂಡಳು. ಹಾಗೆ ಅಂದುಕೊಳ್ಳಲು ಅವಳಿಗೆ ಅಷ್ಟೇನೂ ಕಷ್ಟವಾಗಲಿಲ್ಲ. ಅವತ್ತು ಅವಳ ಮುಂದೆ ಇನ್ನೂ ಮೂರು ಫೈಲುಗಳಿದ್ದವು.

ಅವಳು ಬರೆದಳು: ಒಂದು ಪುಟಕ್ಕೆ ಇಳಿಸು. ಹೊತ್ತಿನ ವ್ಯತ್ಯಾಸಗಳನ್ನೆಲ್ಲ ಒಂದೇ ಸಾಲಿನಲ್ಲಿ ಹೇಳು.

ಇಳಿಸಿತು. ಪುಟದ ಕೆಳಗೆ ಒಂದು ಟಿಪ್ಪಣಿಯನ್ನೂ ಸೇರಿಸಿತ್ತು: ಹೀಗೆ ಸೇರಿಸಿದರೆ ಬೀಗದ ವ್ಯತ್ಯಾಸ ಓದುವವರಿಗೆ ಕಾಣುವುದಿಲ್ಲ, ಅದನ್ನು ಬೇರೆಯಾಗಿ ಉಳಿಸುವುದು ಒಳ್ಳೆಯದು. ಟಿಪ್ಪಣಿ ಸೇರಿದರೆ ಪುಟ ಎರಡಾಗುತ್ತಿತ್ತು. ಡಾರ್ಲಾ ಟಿಪ್ಪಣಿಯನ್ನು ಅಳಿಸಿದಳು. ಮೇಲೆ ಹೊಂದುವ ಮಾತುಗಳಲ್ಲಿ ದಪ್ಪ ಅಕ್ಷರದಲ್ಲಿ ಉಳಿಯಿತು: ಸ್ವಿಚ್‌ಗೆ ಬೀಗ ಇತ್ತು, ನಾಲ್ಕೂ ಕಾಗದಗಳು.

ಅದು ಸುಳ್ಳಲ್ಲ. ನಾಲ್ಕೂ ಕಾಗದಗಳಲ್ಲಿ ಬೀಗ ಇತ್ತು.

ಗುರುವಾರ ಸಮಿತಿ ಸೇರಿತು. ಒಬ್ಬ ಮುದುಕ ರೈತ ಕನ್ನಡಕ ಹುಡುಕಿಕೊಂಡು ಪುಟ ಓದಿದ. "ನಾಲ್ಕು ಜನ ನಾಲ್ಕು ಕಡೆಯಿಂದ ಒಂದೇ ಮಾತು ಹೇಳ್ತಿದ್ದಾರೆ ಅಂದಮೇಲೆ ಇನ್ನೇನು?" ಅಂದ. "ಬೀಗ ಹಾಕಿದಾರೆ, ಮಾಡೋದೆಲ್ಲ ಮಾಡಿದಾರೆ. ಪದರ ಕುಸೀತು. ಕರ್ಟಿಸ್ ಒಳ್ಳೇ ಹುಡುಗ." ಉಳಿದವರು ತಲೆ ಆಡಿಸಿದರು. ಐದೂ ಕೇಂದ್ರಗಳಿಗೆ ಒಂದು ಪತ್ರ ಎಂದು ತೀರ್ಮಾನವಾಯಿತು. ಪದರ ಕಟ್ಟಿದ ಜೋಳದ ಮೇಲೆ ನಡೆಯುವಾಗ ಎಚ್ಚರವಿರಲಿ ಅಂತ. ಆಮೇಲೆ ಮಾತು ಗೊಬ್ಬರದ ಬೆಲೆಗೆ ಹೋಯಿತು.

ಮರುದಿನ ಶುಕ್ರವಾರ. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು. ಚರ್ಚಿನ ನೆಲಮಾಳಿಗೆಯಲ್ಲಿ ಮೀನು ಕರಿದು ಬಡಿಸುತ್ತಿದ್ದರು, ಊರೆಲ್ಲ ಅಲ್ಲೇ. ಎರಡು ವಾರದ ಹಿಂದೆ ಕರ್ಟಿಸ್‌ನನ್ನು ಮಣ್ಣು ಮಾಡಿ ಬಂದು ಊಟ ಮಾಡಿದ್ದೂ ಇವೇ ಮೇಜುಗಳ ಮೇಲೆ. ಡಾರ್ಲಾ ತಟ್ಟೆ ಹಿಡಿದು ಎಮಿಲ್‌ನ ಎದುರು ಕೂತಳು.

"ಏನ್ ಮಾವ, ಹೊತ್ತಿಗೆ ಸರಿಯಾಗಿ ಬಂದುಬಿಟ್ಟಿದ್ದೀಯ?"

"ಮೀನಿನ ವಾಸನೆಗೆ ಬಂದೆ, ಗಡಿಯಾರ ನೋಡ್ಕೊಂಡಲ್ಲ." ಎಮಿಲ್ ಆಲೂಗಡ್ಡೆ ಹೊಸಕುತ್ತ ಕೂತಿದ್ದ. ಎಪ್ಪತ್ತರ ಹತ್ತಿರದವನು, ಕುತ್ತಿಗೆಯಲ್ಲಿ ಹಳೇ ಸುಟ್ಟಗಾಯ. "ನಿಮ್ಮ ಸಮಿತಿ ಏನ್ ಹೇಳ್ತು? ಡ್ವೇನ್‌ಗೆ ಉಗಿದ್ರಾ?"

"ಉಗಿಯೋದಕ್ಕೇನಿದೆ? ಬೀಗ ಹಾಕಿದ್ರಲ್ಲ."

ಎಮಿಲ್ ಮುಳ್ಳುಚಮಚ ಕೆಳಗಿಟ್ಟ. "ಯಾರು ಹಾಕಿದ್ರು?"

"ಸಂಘದವರು. ನೀವು ಹೋಗೋಕ್ ಮುಂಚೆ."

"ನಾ ಹೋದಾಗ ಸ್ವಿಚ್ ಮೇಲಿತ್ತು ಕಣೇ. ಬೀಗ ಇಲ್ಲ, ಗೀಗ ಇಲ್ಲ. ಡ್ವೇನ್ ಪ್ಯಾನೆಲ್‌ನ ಗುಂಡಿಯಿಂದ ಕೈ ತೆಗೆದಿದ್ದ, ಅಷ್ಟೇ. ಇನ್ನೊಂದು ಸಲ ಯಾರಾದರೂ ಒತ್ತಿದ್ರೆ ನಮ್ಮ ಹುಡುಗರೂ ಒಳಗೇ. ನಾನೇ ಸ್ವಿಚ್ ಎಳೆದೆ, ನಾನೇ ಬೀಗ ಹಾಕಿದೆ. ಕೆಂಪು ಬೀಗ, ನಮ್ಮ ದಳದ್ದು. ಆ ಡೆಪ್ಯುಟಿ ಹುಡುಗ ಆಮೇಲೆ ಬಂದು ಫೋಟೋ ಹೊಡ್ಕೊಂಡ."

ಡಾರ್ಲಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಬರೆದುಕೊಟ್ಟೆನಲ್ಲ? ಓದಲಿಲ್ವಾ?"

"ಓದಿದೆ."

"ಮತ್ತೆ?"

"ನಿನ್ನ ವಾಚು ಅಂದ್ಕೊಂಡೆ ಮಾವ."

ಎಮಿಲ್ ಎಡಗೈಯ ಅಂಗಿತೋಳು ಸರಿಸಿ ಗಡಿಯಾರವನ್ನು ಮೇಜಿನ ಮೇಲೆ ಅವಳತ್ತ ಚಾಚಿದ. "ಇದು ಏಳೆಂಟು ನಿಮಿಷ ಹಿಂದೆ ಮುಂದೆ ಇರತ್ತೆ, ಹೌದು. ಹತ್ತೂವರೆಗೇ ನಾನಲ್ಲಿದ್ದೆ ಅನ್ನು ಬೇಕಾದರೆ. ಆದರೂ ಬೀಗ ಹಾಕಿದ್ದು ನಾನೇ ತಾನೆ? ವಾಚು ಕೆಟ್ಟರೆ ಕೈ ಬೇರೆಯವರದಾಗತ್ತಾ?"

ಪಕ್ಕದ ಮೇಜಿನಲ್ಲಿ ಯಾರೋ ಜೋರಾಗಿ ನಕ್ಕರು, ಬೇರೆ ಯಾವುದಕ್ಕೋ. ಡಾರ್ಲಾಳ ತಟ್ಟೆಯಲ್ಲಿ ಮೀನು ಆರಿಹೋಯಿತು.

ಸೋಮವಾರ ಅವಳು ಎಲ್ಲರಿಗಿಂತ ಮೊದಲೇ ಆಫೀಸಿಗೆ ಬಂದಳು. ಹಳೆಯ ಮೂರು ಪುಟದ ಸಾರಾಂಶ ಇನ್ನೂ ಅಲ್ಲೇ ಇತ್ತು. ಬೀಗದ ಸಾಲನ್ನು ಹೊಂದುವ ಮಾತುಗಳಿಂದ ತೆಗೆದಳು. ವ್ಯತ್ಯಾಸಗಳಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಳು: ಬೀಗ ಇಳಿಯುವ ಮೊದಲು ಬಿತ್ತು ಎನ್ನುವುದು ಒಂದೇ ಕಾಗದ, ಎರಡನೆಯದು ಆಮೇಲೆ ಕಂಡದ್ದು, ಮೂರನೆಯದು ಮೊದಲೆರಡರ ನಕಲು, ನಾಲ್ಕನೆಯದನ್ನು ಬರೆದವರನ್ನು ಕೇಳಲಾಗಿದೆ, ಬೀಗ ತಮ್ಮದೆಂದೂ ಅದಕ್ಕೆ ಮೊದಲು ಬೀಗ ಇರಲಿಲ್ಲವೆಂದೂ ಹೇಳುತ್ತಾರೆ. ಬರೆಯುತ್ತ ಬರೆಯುತ್ತ ಅವಳಿಗೆ ಕಂಡಿತು, ನಾಲ್ಕು ಸಾಕ್ಷಿ ಎಂದು ತಾನು ಎಣಿಸಿದ್ದು ನಿಜವಾಗಿ ಒಂದು: ಡ್ವೇನ್ ಫೈಸ್ಟ್‌ನ ಬಾಯಿ.

ಮಾರ್ಸೀ ನಿಂತೇ ಓದಿದಳು. ಅವಳ ಮುಖ ಕೆಂಪಾಯಿತು.

"ಗುರುವಾರ ಮುಗಿದುಹೋಯ್ತಲ್ಲೇ ಇದು."

"ತಪ್ಪಾಗಿದೆ. ಇವತ್ತೇ ಫೋನ್ ಮಾಡಿ ಐದೂ ಕಡೆ ನಿಲ್ಲಿಸ್ಬೇಕು."

"ಯಾರು ನಿಲ್ಲಿಸ್ಬೇಕು? ನೀನಾ? ನಾನಾ? ಸಮಿತಿ ಹೇಳ್ಬೇಕು. ಸಮಿತಿ ಇನ್ನು ಸೇರೋದು ಮುಂದಿನ ತಿಂಗಳು."

"ಈಗಲೇ ಕರೀರಿ ಅವರನ್ನ."

"ಕರೆದು ಏನ್ ಹೇಳ್ಲಿ? ನಮ್ಮ ಹುಡುಗಿ ನಾಲ್ಕು ಕಾಗದ ಓದೋದಕ್ಕೆ ಆಗದೆ ಮೀನಿನ ಊಟದಲ್ಲಿ ತನ್ನ ಮಾವನ್ನ ಕೇಳ್ಕೊಂಡು ಬಂದಿದಾಳೆ ಅಂತಾನಾ?" ಮಾರ್ಸೀ ದನಿ ಇಳಿಸಿದಳು. "ನೋಡು, ನಿನ್ನನ್ನ ಬೈತಿಲ್ಲ. ಆ ಸಾಲು ಹಾಕು ಅಂದವಳು ನಾನೇ. ಎಮಿಲ್ ಹತ್ರ ಬರೆಸಿ ಸಹಿ ತಗೋ. ಪುರವಣಿ ಅಂತ ಸೇರಿಸಿ ಮುಂದಿನ ಸಭೆಗಿಡೋಣ. ಡ್ವೇನ್ ವಕೀಲನ್ನ ಹಿಡ್ಕೊಂಡು ಬಂದರೆ ಬರೀ ಬಾಯಿಮಾತು ನಿಲ್ಲಲ್ಲ."

ಮಾರ್ಸೀ ಹೇಳಿದ್ದರಲ್ಲಿ ಒಂದೂ ತಪ್ಪು ಮಾತಿರಲಿಲ್ಲ. ಡಾರ್ಲಾ ಎಮಿಲ್‌ನ ಹೇಳಿಕೆ ಬರೆಸಿಕೊಂಡಳು, ಅಪ್‌ಲೋಡ್ ಮಾಡಿದಳು. ಕಾಗದ ಐದಾಯಿತು. ಸಾರಾಂಶ ಈಗ ಎರಡು ಪುಟ. ಅದು ಮುಂದಿನ ಸಭೆಯ ಫೋಲ್ಡರಿನಲ್ಲಿ ಹೋಗಿ ಕೂತಿತು.

ಸಂಜೆ ಅವಳು ತಮ್ಮನಿಗೆ ಫೋನ್ ಮಾಡಿದಳು. ವೇಡ್ ಟ್ರಕ್ಕಿನಲ್ಲಿದ್ದ, ಹಿಂದೆ ಹೀಟರಿನ ಗೊರಗೊರ.

"ವೇಡ್, ನೀನು ಕಣಜದೊಳಗೆ ಇಳೀತೀಯಾ?"

"ಏನಕ್ಕಾ ಇದ್ದಕ್ಕಿದ್ದ ಹಾಗೆ? ಅಮ್ಮ ಏನಾದ್ರೂ ಹೇಳಿದ್ಳಾ?"

"ಕೇಳಿದ್ದಕ್ಕೆ ಹೇಳು."

"ನಾನೆಲ್ಲಿ ಇಳೀಲಿ, ನನ್ನ ಹೊಟ್ಟೆ ಆ ಬಾಗಿಲಲ್ಲಿ ತೂರಲ್ಲ. ಇಳಿಯೋದು ಲಾಯಲ್. ನಾನು ಪ್ಯಾನೆಲ್ ಹತ್ರ ಬೆಚ್ಚಗೆ ನಿಂತಿರ್ತೀನಿ."

ಲಾಯಲ್ ಎಂದರೆ ಲಾಯಲ್ ಶ್ಮಿಟ್‌ಗಾಲ್. ವೇಡ್‌ಗೆ ಕೆಲಸ ಕಲಿಸಿದವನು, ಅವನ ಮದುವೆಯಲ್ಲಿ ಅಕಾರ್ಡಿಯನ್ ಬಾರಿಸಿದವನು. ಡಾರ್ಲಾಳ ಎದೆಯ ಮೇಲಿಂದ ಏನೋ ಇಳಿಯಿತು. ಅದನ್ನು ಅವಳು ಆ ಕ್ಷಣವೇ ಗುರುತಿಸಿದಳು, ನಾಚಿಕೆಯೂ ಆಯಿತು.

"ಬೀಗ ಇಲ್ಲದೆ ನೀನು ಮಾತ್ರ ಇಳಿಯಬೇಡ. ಯಾರೇ ಹೇಳಲಿ. ಲಾಯಲ್‌ಗೂ ಹೇಳು."

"ಬೀಗ ಎಲ್ಲಿದೆ ಅಕ್ಕಾ ಇಲ್ಲಿ? ಲಾಯಲ್ ಇಪ್ಪತ್ತು ವರ್ಷದಿಂದ ಹೀಗೇ ಇಳೀತಿದಾನೆ. ಹೇಳ್ತೀನಿ ಬಿಡು. ನಗ್ತಾನೆ."

"ನಗಲಿ. ಹೇಳು."

"ಹೇಳ್ತೀನಿ ಮಾರಾಯ್ತಿ. ಭಾನುವಾರ ಬರ್ತೀಯಾ? ಅಮ್ಮ ಕ್ನೆಫ್ಲಾ ಸೂಪ್ ಮಾಡ್ತಾಳಂತೆ."

ಬರುತ್ತೇನೆ ಅಂದಳು. ಫೋನ್ ಇಟ್ಟಳು. ಇಳಿಯಬೇಡ ಎಂದು ಹೇಳಿದಳು. ಒತ್ತಬೇಡ ಎಂದು ಹೇಳಲಿಲ್ಲ. ಎಮಿಲ್‌ನ ಹೇಳಿಕೆಯನ್ನು ಬರೆಸಿಕೊಂಡವಳಿಗೆ, ಕರ್ಟಿಸ್‌ನನ್ನು ಕೊಂದದ್ದು ಅವನು ಇಳಿದದ್ದಲ್ಲ, ಹೊರಗಿನವನ ಬೆರಳು ಎಂಬುದು ಗೊತ್ತಿತ್ತು. ಆದರೆ ತಮ್ಮ ಒಳಗಿರುವುದಿಲ್ಲ ಎಂದು ಕೇಳಿದ್ದೇ ಅವಳ ಯೋಚನೆ ಅಲ್ಲಿಗೇ ನಿಂತುಬಿಟ್ಟಿತು.

ವೇಡ್ ಲಾಯಲ್‌ಗೆ ಹೇಳಿದ. ಲಾಯಲ್ ನಕ್ಕ. ವೇಡ್ ತನ್ನ ಕೇಂದ್ರದ ಮ್ಯಾನೇಜರ್‌ಗೂ ಹೇಳಿದ. ಅವನು ಗೋಡೆಗೆ ಅಂಟಿಸಿದ ಸಮಿತಿಯ ಪತ್ರ ತೋರಿಸಿದ. ಪತ್ರದಲ್ಲಿ ಬೀಗದ ಮಾತೇ ಇರಲಿಲ್ಲ. ಇರಲು ಕಾರಣವೂ ಇರಲಿಲ್ಲ. ನಾಲ್ಕು ಕಾಗದಗಳ ಪ್ರಕಾರ ಬೀಗ ಹಾಕುವುದರಲ್ಲಿ ಆ ಸಂಘ ಸರಿಯಾಗಿತ್ತು.

ಮುಂದಿನ ಸಭೆಗೆ ಇನ್ನೂ ಒಂದು ವಾರವಿತ್ತು. ಬೆಳಿಗ್ಗೆ ಬಿಸಿಲಿತ್ತು, ಹಿಮ ಕರಗುತ್ತಿತ್ತು. ಕಣಜದ ಜೋಳ ಮತ್ತೆ ಕಟ್ಟಿಕೊಂಡಿತು. ಲಾಯಲ್ ಮೇಲಿನ ಬಾಗಿಲಿಂದ ಇಳಿದು ಪದರ ಒಡೆದು, ಹೊರಗೆ ಬಂದು ನೀರು ಕುಡಿದ. ಮ್ಯಾನೇಜರ್ ರೇಡಿಯೋದಲ್ಲಿ, "ಆಯ್ತು ವೇಡ್, ಒಂದು ತಟ್ಟು" ಅಂದ. ಆ ನಡುವೆ ಲಾಯಲ್ ಮರೆತ ಸಲಾಕೆ ತರಲು ಮತ್ತೆ ಇಳಿದಿದ್ದ. ಪ್ಯಾನೆಲ್ ಇದ್ದ ಕೋಣೆಯಿಂದ ಕಣಜದ ಬಾಗಿಲು ಕಾಣುತ್ತಿರಲಿಲ್ಲ. ಸ್ವಿಚ್ ಮೇಲಿತ್ತು. ವೇಡ್ ಒತ್ತಿದ.

ಜೋಳ ಚೆನ್ನಾಗಿ ಹರಿಯಿತು. ಚೆನ್ನಾಗಿ ಹರಿಯುತ್ತಿದೆ ಎಂದು ಅವನು ಬೆರಳು ತೆಗೆಯಲಿಲ್ಲ.

ಎಮಿಲ್‌ನ ದಳವೇ ಹೋಯಿತು. ಕಣಜದ ಸುತ್ತ ತಗಡು ಕೊಯ್ದು ಜೋಳ ಹೊರಕ್ಕೆ ಸುರಿಸಿದರು. ಅಂಗಳದ ತುಂಬ ಹಳದಿ ಗುಡ್ಡೆ. ಅದರ ಮೇಲೆ ವೇಡ್ ಬರಿಗೈಯಲ್ಲಿ ಜೋಳ ಎಳೆಯುತ್ತಿದ್ದ. ಇಬ್ಬರು ಹಿಡಿದುಕೊಳ್ಳಬೇಕಾಯಿತು. ಡಾರ್ಲಾ ಬರುವ ಹೊತ್ತಿಗೆ ಅವನನ್ನು ಅಗ್ನಿಶಾಮಕದ ಟ್ರಕ್ಕಿನಲ್ಲಿ ಕೂರಿಸಿ ಕಂಬಳಿ ಹೊದಿಸಿದ್ದರು. ಉಗುರುಗಳೆಲ್ಲ ಒಡೆದಿದ್ದವು.

"ವೇಡ್."

"ನೀನು ಇಳಿಯಬೇಡ ಅಂದೆ," ಅವನು ಅವಳ ಕಡೆ ನೋಡದೆ ಹೇಳಿದ. "ನಾನು ಇಳೀಲಿಲ್ಲಕ್ಕಾ."

ಎಮಿಲ್ ಸ್ವಿಚ್ ಪೆಟ್ಟಿಗೆಯ ಹತ್ತಿರ ನಿಂತಿದ್ದ. ಕೆಂಪು ಬೀಗ ಹಾಕಿಯಾಗಿತ್ತು. ಈ ಸಲ ಅವನು ಡೆಪ್ಯುಟಿಗೆ ಕಾದಿರಲಿಲ್ಲ. ತನ್ನ ಫೋನಿನಲ್ಲೇ ಫೋಟೋ ತೆಗೆದಿದ್ದ: ಮೊದಲು ಬರೀ ಸ್ವಿಚ್, ಆಮೇಲೆ ಬೀಗದ ಜೊತೆ. ಬಣ್ಣದ್ದು.

ಸಾರಾಂಶವನ್ನು ಮಾರ್ಸೀ ತಾನೇ ಮಾಡಿದಳು. ತಮ್ಮನ ಹೇಳಿಕೆ ಇದ್ದ ಕಾಗದವನ್ನು ಅಕ್ಕನ ಕೈಗೆ ಕೊಡುವ ಹಾಗಿರಲಿಲ್ಲ. ಎರಡೂ ಸಾವಿನ ಕಾಗದಗಳನ್ನು ಒಟ್ಟಿಗೆ ಅಪ್‌ಲೋಡ್ ಮಾಡಿದಳು, ಪುಟ ಎಷ್ಟಾದರೂ ಆಗಲಿ ಅಂದಳು. ಏಳು ಪುಟ ಬಂತು. ಸಮಿತಿ ಏಳನ್ನೂ ಓದಿತು. ಆ ಮುದುಕ ರೈತ ಎರಡು ಸಲ ಓದಿದ. "ಇದು ಹೋದ ಸಲವೇ ಇತ್ತಲ್ಲ, ಈ ಎಮಿಲ್ ಹಾಕಿದ ಬೀಗದ್ದು?" ಎಂದು ಕೇಳಿದ. ಗೋಡೆಯ ಪಕ್ಕ ಕೂತಿದ್ದ ಡಾರ್ಲಾ ಎದ್ದು ನಿಂತಳು.

"ಇತ್ತು," ಅಂದಳು. "ನಾನು ಒಂದು ಸಾಲಿನಲ್ಲಿ ಸೇರಿಸಿಬಿಟ್ಟೆ."

ಐದೂ ಕೇಂದ್ರಗಳಲ್ಲಿ ಕಣಜಕ್ಕೆ ಇಳಿಯುವುದನ್ನು ಅವತ್ತೇ ನಿಲ್ಲಿಸಿದರು. ಬೀಗಗಳನ್ನು ಡ್ರಾಯರಿನಿಂದ ತೆಗೆದು ಪ್ಲಾಸ್ಟಿಕ್ ಹರಿದು ಹಂಚಿದರು. ಡ್ವೇನ್ ಫೈಸ್ಟ್‌ನನ್ನು ಕೆಲಸದಿಂದ ತೆಗೆದರು. ಬೇರೆ ಊರಿನಲ್ಲಿ ಅವನಿಗೆ ಬೇರೆ ಕೆಲಸ ಸಿಕ್ಕಿತು. ಎಮಿಲ್ ತನ್ನ ಗಡಿಯಾರವನ್ನು ಬಿಚ್ಚಿಟ್ಟ, ಯಾಕೆಂದು ಯಾರಿಗೂ ಹೇಳಲಿಲ್ಲ. ಡಾರ್ಲಾಳ ಕೆಲಸ ಹೋಗಲಿಲ್ಲ.

ವೇಡ್ ಅಮ್ಮನ ಮನೆಯ ಹಿಂದಿನ ಕೋಣೆಯಲ್ಲಿದ್ದಾನೆ. ಅಕ್ಕ ಬಂದರೆ ಬಾಗಿಲು ತೆಗೆಯುವುದಿಲ್ಲ.

ಸತ್ತವರು ಇಬ್ಬರು. ಮೊದಲನೆಯವನು ಯಾವ ಸಾರಾಂಶಕ್ಕೂ ಮುಂಚೆ ಸತ್ತ. ಎರಡನೆಯವನು ಆಮೇಲೆ.